ನಿಯಮಕ್ಕೂ ತೀರ್ಮಾನಕ್ಕೂ ನಡುವಿನ ಪ್ಯಾರಾ

1895ರ ಜುಲೈ 20ರಂದು ಕಲ್ಕತ್ತಾದಲ್ಲಿ ಧರ್ಮೋದಾಸ್ ಘೋಷ್ ಎಂಬ ಹುಡುಗ 20,000 ರೂಪಾಯಿ ಸಾಲಕ್ಕೆ ತನ್ನ ಮನೆಗಳನ್ನು ಬ್ರಹ್ಮೋ ದತ್ತ್ ಎಂಬ ಲೇವಾದೇವಿಗಾರನಿಗೆ ಅಡಮಾನ ಬರೆದುಕೊಟ್ಟ. ಹುಡುಗ ಆಗಿನ್ನೂ ಅಪ್ರಾಪ್ತ ವಯಸ್ಕ. ದತ್ತ್ ಪರವಾಗಿ ಈ ವ್ಯವಹಾರ ನೋಡಿಕೊಳ್ಳುತ್ತಿದ್ದ ವಕೀಲ ಕೇದಾರನಾಥ ಮಿತ್ರನಿಗೆ ಹುಡುಗನ ತಾಯಿಯ ಕಡೆಯಿಂದ ಮೊದಲೇ ಒಂದು ಪತ್ರ ಹೋಗಿತ್ತು. ಅವನಿಗೆ ಇನ್ನೂ ವಯಸ್ಸು ತುಂಬಿಲ್ಲ, ಸಾಲ ಕೊಟ್ಟವರು ತಮ್ಮ ಹೊಣೆಯ ಮೇಲೆ ಕೊಡಬೇಕು ಎಂದು ಅದರಲ್ಲಿತ್ತು. ಆದರೂ ಸಾಲ ಕೊಟ್ಟರು. ಹುಡುಗ ತಾಯಿಯ ಮೂಲಕ ದಾವೆ ಹೂಡಿ ಅಡಮಾನ ಪತ್ರವನ್ನು ರದ್ದುಮಾಡಿ ಎಂದು ಕೇಳಿದ. ವ್ಯಾಜ್ಯ ಮೆಟ್ಟಿಲು ಹತ್ತುತ್ತಾ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. ಅಷ್ಟರಲ್ಲಿ ದತ್ತ್ ತೀರಿಕೊಂಡಿದ್ದರಿಂದ ಮೊಹೋರಿ ಬೀಬಿಯ ಹೆಸರಿನಲ್ಲಿ ಪ್ರಕರಣ ಮುಂದುವರಿಯಿತು. 1903ರಲ್ಲಿ ತೀರ್ಪು ಬಂತು. ಅಪ್ರಾಪ್ತ ವಯಸ್ಕ ಮಾಡಿಕೊಂಡ ಕರಾರು ಮೊದಲಿನಿಂದಲೇ ಶೂನ್ಯ.

ನಮ್ಮ ಕಾನೂನು ಕಾಲೇಜುಗಳಲ್ಲಿ ಮೊದಲ ವರ್ಷವೇ ಪರಿಚಯವಾಗುವ ತೀರ್ಪು ಇದು. ಅಣಕು ನ್ಯಾಯಾಲಯದ ಸ್ಪರ್ಧೆಗೆಂದು ವಿದ್ಯಾರ್ಥಿಗಳು ಬರೆಯುವ ಮೆಮೋರಿಯಲ್‌ಗಳಲ್ಲಿ ಇದು ಸಾಮಾನ್ಯವಾಗಿ ಹೀಗೆ ಬರುತ್ತದೆ: ‘ಮೊಹೋರಿ ಬೀಬಿ ಪ್ರಕರಣದಂತೆ ಅಪ್ರಾಪ್ತ ವಯಸ್ಕನ ಕರಾರು ಶೂನ್ಯ, ಆದಕಾರಣ ಪ್ರತಿವಾದಿಯು ಏನನ್ನೂ ಹಿಂದಿರುಗಿಸಬೇಕಾಗಿಲ್ಲ.’ ವಾಕ್ಯದ ಮೊದಲರ್ಧ ಸರಿ. ಎರಡನೆಯ ಅರ್ಧ ಆ ತೀರ್ಪಿನಿಂದ ಹುಟ್ಟುವುದಿಲ್ಲ. ಹುಡುಗ ಹಣ ವಾಪಸ್ ಕೊಡಬೇಕಿಲ್ಲ ಎಂದು ಪ್ರಿವಿ ಕೌನ್ಸಿಲ್ ಹೇಳಿದ್ದು ನಿಜ. ಆದರೆ ಹುಡುಗನ ವಯಸ್ಸು ಗೊತ್ತಿದ್ದೂ ಸಾಲ ಕೊಟ್ಟಿದ್ದರು ಎಂಬುದು ಅದಕ್ಕೆ ಕಾರಣ. ಗೊತ್ತಿಲ್ಲದೆ ಕೊಟ್ಟವನ ಗತಿ ಏನು ಎಂಬ ಪ್ರಶ್ನೆ ಅಲ್ಲಿ ಎದುರಾಗಲೇ ಇಲ್ಲ. ಮೆಮೋರಿಯಲ್‌ನ ಓಟದಲ್ಲಿ ಈ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಅದೇ ವಾದವನ್ನು ವಿವಾದಾಂಶ, ನಿಯಮ, ಅನ್ವಯ, ತೀರ್ಮಾನ ಎಂಬ ನಾಲ್ಕು ಪ್ಯಾರಾಗಳಾಗಿ ಬಿಡಿಸಿ ಬರೆದಾಗ ಬಿದ್ದೇ ಬೀಳುತ್ತದೆ. ಹಾಗೆ ಬಿಡಿಸುವ ಕೆಲಸ ಹೇಗೆ ನಡೆಯುತ್ತದೆ ಎಂಬುದೇ ಈ ಲೇಖನದ ವಿಷಯ.

ಮೆಮೋರಿಯಲ್ ಎಂದರೆ ಏನು ಎಂಬುದನ್ನು ಕಾನೂನು ಓದದವರಿಗಾಗಿ ಮೊದಲು ಹೇಳಬೇಕು. ಅಣಕು ನ್ಯಾಯಾಲಯದಲ್ಲಿ ಒಂದು ಕಲ್ಪಿತ ಪ್ರಕರಣ ಕೊಡುತ್ತಾರೆ. ವಿದ್ಯಾರ್ಥಿಗಳ ತಂಡ ಒಂದು ಪಕ್ಷದ ವಕೀಲರಾಗಿ ನಿಂತು ಬರಹದಲ್ಲೂ ಬಾಯಿಮಾತಿನಲ್ಲೂ ವಾದ ಮಂಡಿಸಬೇಕು. ಆ ಬರಹದ ವಾದವೇ ಮೆಮೋರಿಯಲ್. ಅದರಲ್ಲಿ ಉಲ್ಲೇಖಿತ ತೀರ್ಪುಗಳ ಪಟ್ಟಿ, ನ್ಯಾಯಾಲಯದ ಅಧಿಕಾರ ವ್ಯಾಪ್ತಿ, ಪ್ರಕರಣದ ಸಂಗತಿಗಳು, ವಿವಾದಾಂಶಗಳು, ವಾದದ ಸಾರಾಂಶ, ವಿಸ್ತೃತ ವಾದ, ಕೊನೆಗೆ ಪ್ರಾರ್ಥನೆ ಎಂಬ ಭಾಗಗಳಿರುತ್ತವೆ. ಇದು ಬರೀ ಸ್ಪರ್ಧೆಗೆ ಹೋಗುವವರ ಹವ್ಯಾಸವೂ ಅಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಅಣಕು ನ್ಯಾಯಾಲಯಕ್ಕೆ 30 ಅಂಕಗಳಿವೆ. ಮೂರು ಪ್ರಕರಣಗಳು, ಒಂದೊಂದಕ್ಕೆ ಬರಹಕ್ಕೆ 5, ಮೌಖಿಕ ವಾದಕ್ಕೆ 5.

ಮೆಮೋರಿಯಲ್ ಒಂದು ಪಕ್ಷದ ಪರವಾದ ಬರಹ. ತೀರ್ಮಾನವನ್ನು ಅದು ತಲೆಬರಹದಲ್ಲೇ ಹೇಳಿಬಿಡುತ್ತದೆ. ತನಗೆ ಒಗ್ಗುವ ತೀರ್ಪನ್ನು ಎತ್ತಿ ಹಿಡಿದು, ಒಗ್ಗದ್ದನ್ನು ಅಡಿಟಿಪ್ಪಣಿಗೆ ತಳ್ಳುತ್ತದೆ. ವಕೀಲನ ಕೆಲಸವೇ ಅದು, ತಪ್ಪೇನಿಲ್ಲ. ನಾಲ್ಕು ಪ್ಯಾರಾಗಳ ಕ್ರಮವಾದರೋ ಪಕ್ಷ ಹಿಡಿಯದೆ ಯೋಚಿಸುವವನದು. ಪ್ರಶ್ನೆ ಏನು, ಕಾನೂನು ಏನು ಹೇಳುತ್ತದೆ, ಅದು ಈ ಸಂಗತಿಗಳಿಗೆ ಹೇಗೆ ತಾಗುತ್ತದೆ, ಕೊನೆಗೆ ಏನಾಯಿತು ಎಂಬ ಕ್ರಮ ಅದು. ಪರೀಕ್ಷೆಯ ಸಮಸ್ಯಾ ಪ್ರಶ್ನೆಗೆ ಬರೆಯುವ ಉತ್ತರ, ಹಿರಿಯ ವಕೀಲರಿಗೆ ಕಿರಿಯರು ಬರೆದುಕೊಡುವ ಟಿಪ್ಪಣಿ, ಅಣಕು ನ್ಯಾಯಾಲಯದಲ್ಲಿ ತೀರ್ಪುಗಾರರ ಕೈಗೆ ಕೊಡುವ ಟಿಪ್ಪಣಿ ಎಲ್ಲವೂ ಈ ಕ್ರಮದವೇ. ಮೆಮೋರಿಯಲ್ ಬರೆದು ಮುಗಿಸಿದ ವಿದ್ಯಾರ್ಥಿ ಮೌಖಿಕ ಸುತ್ತಿಗೆ ಮುಂಚೆ ತನ್ನ ವಾದವನ್ನೇ ಈ ರೂಪಕ್ಕೆ ಇಳಿಸಿ ನೋಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಪೀಠದಲ್ಲಿ ಕೂತವರು ಕೇಳುವ ಪ್ರಶ್ನೆಗಳೆಲ್ಲ ಹುಟ್ಟುವುದು ಮೆಮೋರಿಯಲ್ ಮುಚ್ಚಿಟ್ಟ ಜಾಗದಿಂದಲೇ.

ಒಂದು ಕಲ್ಪಿತ ಪ್ರಕರಣ ತೆಗೆದುಕೊಳ್ಳೋಣ. ಮಂಜುನಾಥನಿಗೆ 17 ವರ್ಷ 8 ತಿಂಗಳು. ಮೊಬೈಲ್ ರಿಪೇರಿ ಅಂಗಡಿ ಇಡುವ ಆಸೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹುಟ್ಟಿದ ವರ್ಷ ತಿದ್ದಿ ಅದರ ಜೆರಾಕ್ಸ್ ಪ್ರತಿಯನ್ನು ಶಂಕರಪ್ಪನವರಿಗೆ ಕೊಟ್ಟು, ವರ್ಷಕ್ಕೆ ಶೇ. 18 ಬಡ್ಡಿಗೆ 2,00,000 ರೂಪಾಯಿ ಸಾಲ ಪಡೆಯುತ್ತಾನೆ. ಶಂಕರಪ್ಪನವರು ಮೂಲ ಅಂಕಪಟ್ಟಿ ಕೇಳುವುದಿಲ್ಲ. ಬಂದ ಹಣದಲ್ಲಿ 1,20,000 ರೂಪಾಯಿಗೆ ಉಪಕರಣ ಕೊಳ್ಳುತ್ತಾನೆ, 50,000 ಗೆಳೆಯರ ಜೊತೆ ಗೋವಾ ಪ್ರವಾಸಕ್ಕೆ ಹೋಗುತ್ತದೆ, 30,000 ಬ್ಯಾಂಕ್ ಖಾತೆಯಲ್ಲಿ ಉಳಿಯುತ್ತದೆ. ಸಾಲ ತೀರಿಸದಿದ್ದಾಗ ಶಂಕರಪ್ಪ ದಾವೆ ಹೂಡುತ್ತಾರೆ. ಸಾಲ ಮಾಡಿದಾಗ ನನಗೆ 18 ತುಂಬಿರಲಿಲ್ಲ ಎಂದು ಮಂಜುನಾಥ ಹೇಳುತ್ತಾನೆ. ಕೆಳಗಿನ ಎರಡೂ ನ್ಯಾಯಾಲಯಗಳು ದಾವೆ ವಜಾ ಮಾಡುತ್ತವೆ. ಉಪಕರಣಗಳು ಈಗಲೂ ಅವನ ಅಂಗಡಿಯಲ್ಲಿವೆ, ಇಂದು ಮಾರಿದರೆ 80,000 ಬರಬಹುದು. ಮೇಲ್ಮನವಿ ಹೈಕೋರ್ಟಿನ ಮುಂದಿದೆ.

ಶಂಕರಪ್ಪನವರ ಪರ ಬರೆದ ಮೆಮೋರಿಯಲ್‌ನ ಮೂರನೆಯ ವಾದ, ಅಂದರೆ ಹಣ ಹಿಂದಿರುಗಿಸುವ ವಾದ, ಹೀಗಿದೆ ಎಂದುಕೊಳ್ಳಿ:

‘ಪ್ರತಿವಾದಿಯು ಹಣವನ್ನು ಹಿಂದಿರುಗಿಸಲು ಬದ್ಧನೆಂದು ಈ ಘನ ನ್ಯಾಯಾಲಯದ ಮುಂದೆ ವಿನಮ್ರವಾಗಿ ನಿವೇದಿಸಲಾಗಿದೆ. ಪ್ರತಿವಾದಿಯು ಉದ್ದೇಶಪೂರ್ವಕವಾಗಿ ವಯಸ್ಸನ್ನು ಮರೆಮಾಚಿ ಮೇಲ್ಮನವಿದಾರರಿಗೆ ಘೋರ ವಂಚನೆ ಎಸಗಿರುತ್ತಾನೆ. ಅಪ್ರಾಪ್ತತೆಯು ಗುರಾಣಿಯೇ ಹೊರತು ಖಡ್ಗವಲ್ಲ. ಖಾನ್ ಗುಲ್ ವಿರುದ್ಧ ಲಖಾ ಸಿಂಗ್ ಪ್ರಕರಣದಲ್ಲಿ ಲಾಹೋರ್ ಹೈಕೋರ್ಟಿನ ಪೂರ್ಣ ಪೀಠವು ಇಂಥವನು ಪಡೆದುದನ್ನು ಮರಳಿಸತಕ್ಕದ್ದೆಂದು ಹೇಳಿರುತ್ತದೆ. ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 33 ಸಹ ಇದನ್ನೇ ಪುಷ್ಟೀಕರಿಸುತ್ತದೆ. ಆದಕಾರಣ ಪ್ರತಿವಾದಿಯು 2,00,000 ರೂಪಾಯಿಯನ್ನು ಬಡ್ಡಿಸಮೇತ ಪಾವತಿಸಲು ಬದ್ಧನಾಗಿರುತ್ತಾನೆ.’

ಓದಲು ಜೋರಾಗಿದೆ. ಈಗ ಒಂದೊಂದು ವಾಕ್ಯದ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಅದು ನಾಲ್ಕರಲ್ಲಿ ಯಾವುದು ಎಂದು ಗುರುತು ಹಾಕಬೇಕು. ಮೊದಲ ವಾಕ್ಯ ತೀರ್ಮಾನ. ಎರಡನೆಯದು ಸಂಗತಿ, ಆದರೆ ಯಾವ ನಿಯಮಕ್ಕೂ ಕಟ್ಟದೆ ಬಿಟ್ಟ ಸಂಗತಿ. ‘ಘೋರ’ ಎನ್ನುವುದು ಬರೆದವರ ಸಿಟ್ಟು. ಗುರಾಣಿ ಖಡ್ಗಗಳ ಮಾತು ನಿಯಮದಂತೆ ಕೇಳಿಸಿದರೂ ನಿಯಮವಲ್ಲ, ಏಕೆಂದರೆ ಅದನ್ನು ಇಟ್ಟುಕೊಂಡು ಎಷ್ಟು ರೂಪಾಯಿ ಎಂದು ಹೇಳಲಾಗುವುದಿಲ್ಲ. ಲಾಹೋರಿನ ತೀರ್ಪು ನಿಯಮ. ಕಲಂ 33ರ ವಾಕ್ಯ ನಿಯಮದ ಹೆಸರು ಮಾತ್ರ ಹೇಳುತ್ತದೆ, ನಿಯಮ ಏನೆಂದು ಹೇಳುವುದಿಲ್ಲ. ಕೊನೆಯದು ಮತ್ತೆ ತೀರ್ಮಾನ. ವಿವಾದಾಂಶ ಎಲ್ಲೂ ಇಲ್ಲ. ಅನ್ವಯವಂತೂ ಒಂದು ವಾಕ್ಯವೂ ಇಲ್ಲ. ಉಪಕರಣ, ಪ್ರವಾಸ, ಬ್ಯಾಂಕಿನಲ್ಲಿ ಉಳಿದ ಹಣ ಎಂದು ಪ್ರಕರಣ ಬರೆದವರು ಲೆಕ್ಕ ಬಿಡಿಸಿಯೇ ಕೊಟ್ಟಿದ್ದರು. ವಾದದಲ್ಲಿ ಅದು ಒಂದೂ ಬಂದಿಲ್ಲ.

ಮೊದಲು ವಿವಾದಾಂಶ. ಮೆಮೋರಿಯಲ್‌ನ ತಲೆಬರಹ ‘ಪ್ರತಿವಾದಿ ಹಣ ಹಿಂದಿರುಗಿಸಲು ಬದ್ಧನು’ ಎಂದಿದ್ದರೆ ಅದಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಅಂಟಿಸಿ ‘ಬದ್ಧನೇ?’ ಎಂದು ಬರೆಯುವವರೇ ಹೆಚ್ಚು. ಅಷ್ಟು ಸಾಲದು. ಒಳ್ಳೆಯ ವಿವಾದಾಂಶದಲ್ಲಿ ಕಾನೂನಿನ ಕಲಂ ಇರಬೇಕು, ಫಲಿತಾಂಶವನ್ನು ತಿರುಗಿಸಬಲ್ಲ ಸಂಗತಿಗಳೂ ಇರಬೇಕು, ‘ವಂಚಕ’ನಂಥ ತೀರ್ಪಿನ ಮಾತು ಇರಬಾರದು. ಇಲ್ಲಿ ಪ್ರಶ್ನೆ ಒಂದಲ್ಲ, ಎರಡು. ಹಿಂದಿರುಗಿಸು ಎಂದು ನ್ಯಾಯಾಲಯ ಹೇಳಬಹುದೇ ಎಂಬುದು ಒಂದು. ಹೇಳುವುದಾದರೆ ಎಷ್ಟನ್ನು ಎಂಬುದು ಇನ್ನೊಂದು. ಮೆಮೋರಿಯಲ್ ಎರಡನ್ನೂ ಬೆಸೆದುಬಿಟ್ಟಿದ್ದರಿಂದಲೇ ಮೊದಲನೆಯದಕ್ಕೆ ಸಿಕ್ಕ ಆಧಾರದ ಬಲದಲ್ಲಿ ಪೂರ್ತಿ 2,00,000ಕ್ಕೆ ಜಿಗಿಯಿತು.

ಇನ್ನೂ ಒಂದು ವಿಷಯವಿದೆ. ಈ ವಿವಾದಾಂಶ ಹುಟ್ಟುವುದೇ ಕರಾರು ಶೂನ್ಯ ಎಂದಾದ ಮೇಲೆ. ಆದ್ದರಿಂದ ಬರೆಯುವಾಗ ಕರಾರಿನ ಸಿಂಧುತ್ವ ಮೊದಲು ಬರಬೇಕು. ವಯಸ್ಸಿನ ಬಗ್ಗೆ ಸುಳ್ಳು ಹೇಳಿದವನ ಬಾಯಿ ಕಟ್ಟಬಹುದೇ ಎಂಬ ಎಸ್ಟಾಪೆಲ್ ಪ್ರಶ್ನೆ ಅದರ ನಂತರ, ಹಣ ಮರಳಿಸುವ ಪ್ರಶ್ನೆ ಮೂರನೆಯದಾಗಿ. ಮೆಮೋರಿಯಲ್‌ನಲ್ಲಿ ಬಲವಾದ ವಾದವನ್ನು ಮೊದಲು ಇಡುವ ಸ್ವಾತಂತ್ರ್ಯವುಂಟು. ಇಲ್ಲಿ ಒಂದರ ಉತ್ತರ ಇನ್ನೊಂದರ ಬಾಗಿಲು ತೆರೆಯಬೇಕು.

ನಿಯಮದ ಪ್ಯಾರಾದಲ್ಲಿ ನಿಧಾನಿಸಬೇಕು. ಭಾರತೀಯ ಕರಾರು ಕಾಯ್ದೆ, 1872ರ ಕಲಂ 11ರ ಪ್ರಕಾರ ಕರಾರು ಮಾಡಿಕೊಳ್ಳಲು ಪ್ರಾಪ್ತ ವಯಸ್ಸಾಗಿರಬೇಕು. ಪ್ರಾಪ್ತ ವಯಸ್ಸು 18 ಎಂಬುದು 1875ರ ಪ್ರಾಪ್ತ ವಯಸ್ಸು ಕಾಯ್ದೆಯಿಂದ ಬರುತ್ತದೆ. ಇಷ್ಟು ಸುಲಭ. ಹಣ ಮರಳಿಸುವ ಪ್ರಶ್ನೆಗೆ ಬಂದರೆ ಅಲ್ಲೊಂದು ಇತಿಹಾಸವಿದೆ. ಮೊಹೋರಿ ಬೀಬಿಯಲ್ಲಿ ಹುಡುಗನೇ ವಾದಿ. ದಸ್ತಾವೇಜು ರದ್ದು ಮಾಡಿ ಎಂದು ಅವನು ನ್ಯಾಯಾಲಯವನ್ನು ಕೇಳಿದ್ದ. ಹಾಗೆ ಕೇಳಿಬಂದವನಿಗೆ ನೀನೂ ನ್ಯಾಯವಾಗಿ ನಡೆದುಕೋ ಎಂದು ಷರತ್ತು ಹಾಕುವ ಅಧಿಕಾರ 1877ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿತ್ತು. ಸಾಲ ಕೊಟ್ಟವರಿಗೆ ವಯಸ್ಸು ಗೊತ್ತಿದ್ದರಿಂದ ಆ ಅಧಿಕಾರವನ್ನು ಬಳಸದಿರುವುದೇ ಸರಿ ಎಂದಾಯಿತು. ಹುಡುಗ ಪ್ರತಿವಾದಿಯಾಗಿದ್ದರೆ? ಅದಕ್ಕೆ ಕಾಯ್ದೆಯಲ್ಲಿ ಉತ್ತರವಿರಲಿಲ್ಲ. ಲಾಹೋರ್ ಹೈಕೋರ್ಟಿನ ಪೂರ್ಣ ಪೀಠ 1928ರಲ್ಲಿ, ವಯಸ್ಸು ಮರೆಮಾಚಿ ಜಮೀನು ಮಾರಿ ಹಣ ಪಡೆದವನು ಪ್ರತಿವಾದಿಯಾದರೂ ಆ ಹಣ ಮರಳಿಸಬೇಕು ಎಂದಿತು. ಅಲಹಾಬಾದ್ ಹೈಕೋರ್ಟಿನ ಪೂರ್ಣ ಪೀಠ 1937ರಲ್ಲಿ ಅಜುಧಿಯಾ ಪ್ರಸಾದ್ ವಿರುದ್ಧ ಚಂದನ್ ಲಾಲ್ ಪ್ರಕರಣದಲ್ಲಿ ಇದನ್ನು ಒಪ್ಪಲಿಲ್ಲ. ಹಣ ಮರಳಿಸು ಎನ್ನುವುದೆಂದರೆ ಶೂನ್ಯವಾದ ಕರಾರನ್ನೇ ಹಿಂಬಾಗಿಲಿನಿಂದ ಜಾರಿ ಮಾಡಿದಂತೆ ಎಂಬುದು ಆ ಕಡೆಯ ತರ್ಕ.

ಮೆಮೋರಿಯಲ್ ಲಾಹೋರನ್ನು ಹೇಳಿ ಅಲಹಾಬಾದನ್ನು ಬಿಟ್ಟಿತ್ತು. ನಾಲ್ಕು ಪ್ಯಾರಾಗಳ ಬರಹದಲ್ಲಿ ಹಾಗೆ ಬಿಡುವಂತಿಲ್ಲ, ಬಿಡುವ ಅಗತ್ಯವೂ ಇಲ್ಲ. ಕಾನೂನು ಆಯೋಗ ಲಾಹೋರಿನ ದಾರಿಯನ್ನೇ ಮೆಚ್ಚಿತು, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 33(2)(ಬಿ) ಪ್ರತಿವಾದಿಯ ವಿಷಯದಲ್ಲಿದ್ದ ಖಾಲಿ ಜಾಗವನ್ನು ತುಂಬಿತು. ಎದುರಿನ ತೀರ್ಪನ್ನು ತಾನೇ ಹೇಳಿ ಅದರ ಮುಂದೆ ಈ ಕಲಮನ್ನು ಇಟ್ಟರೆ ಶಂಕರಪ್ಪನವರ ವಾದ ಗಟ್ಟಿಯಾಗುತ್ತದೆ. ಮುಚ್ಚಿಟ್ಟರೆ ಎದುರು ತಂಡ ಅದನ್ನು ಪೀಠದ ಮುಂದೆ ತಂದಾಗ ತಡವರಿಸಬೇಕಾಗುತ್ತದೆ.

ಕಲಮನ್ನು ಹೆಸರಿಸಿ ಮುಂದೆ ಹೋಗದೆ ಅದರ ಮಾತುಗಳನ್ನು ಬಿಡಿಸಿಕೊಳ್ಳಬೇಕು. ಅದು ಹೇಳುವುದರ ತಾತ್ಪರ್ಯ ಇಷ್ಟು: ಕಲಂ 11ರಂತೆ ಕರಾರು ಮಾಡಲು ಅರ್ಹನಲ್ಲವಾದ್ದರಿಂದ ಕರಾರು ಶೂನ್ಯ ಎಂಬ ಕಾರಣ ಕೊಟ್ಟು ಪ್ರತಿವಾದಿ ದಾವೆಯನ್ನು ಯಶಸ್ವಿಯಾಗಿ ಎದುರಿಸಿದಾಗ, ಆ ಕರಾರಿನಿಂದ ಅವನಿಗೆ ಲಾಭ ಸಿಕ್ಕಿದ್ದರೆ, ಅವನಿಗೆ ಅಥವಾ ಅವನ ಆಸ್ತಿಗೆ ಎಷ್ಟು ಲಾಭವಾಗಿದೆಯೋ ಅಷ್ಟರ ಮಟ್ಟಿಗೆ, ಸಾಧ್ಯವಾದಷ್ಟೂ ಅದನ್ನು ಮರಳಿಸುವಂತೆ ನ್ಯಾಯಾಲಯ ಹೇಳಬಹುದು. ಇದರೊಳಗೆ ಮೂರು ಕೀಲುಗಳಿವೆ. ದಾವೆಯಿಂದ ಪಾರಾದ ಕಾರಣ ಅಪ್ರಾಪ್ತತೆಯೇ ಆಗಿರಬೇಕು. ಮರಳಿಸುವುದು ಪಡೆದ ಹಣವನ್ನಲ್ಲ, ಆದ ಲಾಭದ ಮಟ್ಟಿಗೆ. ಮತ್ತು ‘ಹೇಳಬಹುದು’ ಎಂದಿದೆ, ‘ಹೇಳತಕ್ಕದ್ದು’ ಎಂದಿಲ್ಲ. ಅಂದರೆ ನ್ಯಾಯಾಲಯದ ವಿವೇಚನೆ. ‘ಕಲಂ 33 ಸಹ ಇದನ್ನೇ ಪುಷ್ಟೀಕರಿಸುತ್ತದೆ’ ಎಂಬ ಒಂದೇ ವಾಕ್ಯ ಈ ಮೂರನ್ನೂ ನುಂಗಿಹಾಕಿತ್ತು. ನಿಯಮದ ಪ್ಯಾರಾ ಸರಿಯಾಗಿದೆಯೇ ಎಂದು ನೋಡಲು ನಾನು ಬಳಸುವ ಪರೀಕ್ಷೆ ಸರಳ: ಅದರಲ್ಲಿ ಮಂಜುನಾಥನ ಹೆಸರು ಇರಬಾರದು, ಅದನ್ನು ಓದಿದವರು ಬೇರೆ ಯಾವುದೇ ಅಪ್ರಾಪ್ತ ವಯಸ್ಕನ ಪ್ರಕರಣಕ್ಕೂ ಅದನ್ನು ಒಯ್ಯುವಂತಿರಬೇಕು.

ಅನ್ವಯದ ಪ್ಯಾರಾಕ್ಕೆ ಪರೀಕ್ಷೆ ಇದರ ತಿರುಗುಮುರುಗು. ಹೆಸರು, ಮೊತ್ತ, ದಿನಾಂಕಗಳನ್ನು ಅಳಿಸಿದ ಮೇಲೂ ಪ್ಯಾರಾ ಅರ್ಥ ಕೆಡದೆ ನಿಂತರೆ ಅದು ಅನ್ವಯವಲ್ಲ, ನಿಯಮವನ್ನೇ ಎರಡನೇ ಸಲ ಹೇಳಿದ್ದು. ವಿದ್ಯಾರ್ಥಿಗಳ ಬರಹದಲ್ಲಿ ಹೆಚ್ಚಾಗಿ ಕಾಣುವ ದೋಷ ಇದೇ. ‘ಪ್ರಸ್ತುತ ಪ್ರಕರಣದಲ್ಲಿಯೂ ಸದರಿ ತತ್ವವು ಅನ್ವಯಿಸುತ್ತದೆ’ ಎಂದು ಬರೆದರೆ ಅನ್ವಯಿಸಿದಂತಾಗುವುದಿಲ್ಲ. ಹೇಗೆ ಅನ್ವಯಿಸುತ್ತದೆ ಎಂಬುದನ್ನು ನಿಯಮದ ಒಂದು ಮಾತು, ಅದರ ಎದುರಿಗೆ ಒಂದು ಸಂಗತಿ, ನಡುವೆ ‘ಏಕೆಂದರೆ’ ಎಂಬ ಕ್ರಮದಲ್ಲಿ ತೋರಿಸಬೇಕು. ಬರೆಯುವ ಮುಂಚೆ ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಕಲಮಿನ ಮಾತು, ಬಲಕ್ಕೆ ಸಂಗತಿ ಎಂದು ಜೋಡಿಸಿಕೊಂಡರೆ ಕೆಲಸ ಹಗುರ. ಎಡಗಡೆ ಯಾವುದಾದರೂ ಒಂಟಿಯಾಗಿ ಉಳಿದರೆ ವಾದದಲ್ಲಿ ತೂತಿದೆ. ಬಲಗಡೆ ಉಳಿದರೆ ಆ ಸಂಗತಿಗೆ ಹೊಂದುವ ನಿಯಮ ಇನ್ನೂ ಸಿಕ್ಕಿಲ್ಲ, ಇಲ್ಲವೇ ಆ ಸಂಗತಿ ಈ ಪ್ರಶ್ನೆಗೆ ಬೇಕಿಲ್ಲ.

ಮಂಜುನಾಥನ ಹಣವನ್ನು ಹಾಗೆ ಜೋಡಿಸಿ ನೋಡೋಣ. ಬ್ಯಾಂಕಿನ 30,000 ತಕರಾರಿಲ್ಲದ್ದು. ಅದು ಅವನ ಆಸ್ತಿಯಲ್ಲಿ ಹಾಗೇ ಕೂತಿದೆ. ಉಪಕರಣವೂ ಲಾಭವೇ, ಆದರೆ ಎಷ್ಟು? ಕೊಂಡ ಬೆಲೆ 1,20,000, ಇಂದಿನ ಬೆಲೆ 80,000. ಶಂಕರಪ್ಪನವರ ವಕೀಲರು ಇಷ್ಟು ದಿನ ಅದನ್ನು ಬಳಸಿ ಸಂಪಾದಿಸಿದ್ದೂ ಲಾಭವಲ್ಲವೇ ಎಂದು ಕೇಳಬಹುದು. ಮಂಜುನಾಥನ ವಕೀಲರು ಈಗ ಅವನ ಆಸ್ತಿಗೆ ಉಳಿದಿರುವುದು 80,000 ಮಾತ್ರ ಎನ್ನಬಹುದು. ಗೋವಾಕ್ಕೆ ಹೋದ 50,000 ಎಲ್ಲಕ್ಕಿಂತ ಕಷ್ಟದ್ದು. ಆಸ್ತಿಗೆ ಅದರಿಂದ ಬಿಡಿಗಾಸೂ ಸೇರಿಲ್ಲ. ಆದರೆ ಕಲಂ ‘ಅವನಿಗೆ ಅಥವಾ ಅವನ ಆಸ್ತಿಗೆ’ ಎನ್ನುತ್ತದೆ. ಸಂತೋಷಪಟ್ಟು ಬಂದದ್ದು ‘ಅವನಿಗೆ’ ಆದ ಲಾಭ ಎಂದು ವಾದಿಸಲು ಆ ಒಂದು ಪದದಲ್ಲಿ ಜಾಗವಿದೆ. ಮೆಮೋರಿಯಲ್ ಬರೆದವರು ಕಲಮನ್ನು ಪೂರ್ತಿ ಬರೆದುಕೊಂಡಿದ್ದರೆ ತಮ್ಮ ಕಕ್ಷಿದಾರನಿಗೆ ಉಪಯೋಗವಾಗುವ ಈ ಪದ ಅವರ ಕೈಗೆ ಸಿಗುತ್ತಿತ್ತು.

ವಿವೇಚನೆಯ ಪ್ರಶ್ನೆಗೆ ಬಂದಾಗ ಮೊಹೋರಿ ಬೀಬಿ ಮತ್ತೆ ಬೇಕಾಗುತ್ತದೆ, ಈ ಸಲ ಶಂಕರಪ್ಪನವರ ಕಡೆಗೆ. ಅಲ್ಲಿ ಸಾಲ ಕೊಟ್ಟವರಿಗೆ ವಯಸ್ಸು ಗೊತ್ತಿತ್ತು. ಇಲ್ಲಿ ಗೊತ್ತಿರಲಿಲ್ಲ, ತಿದ್ದಿದ ಅಂಕಪಟ್ಟಿ ತೋರಿಸಿ ನಂಬಿಸಲಾಯಿತು. ಅಲ್ಲಿ ಪರಿಹಾರ ತಪ್ಪಿಸಿದ ಕಾರಣವೇ ಇಲ್ಲಿ ಇಲ್ಲ. ಎರಡು ಪ್ರಕರಣಗಳ ಸಂಗತಿಗಳನ್ನು ಹೀಗೆ ಎದುರುಬದುರು ಇಟ್ಟು ವ್ಯತ್ಯಾಸ ತೋರಿಸುವುದೇ ತೀರ್ಪನ್ನು ಬಳಸುವ ರೀತಿ. ಹಾಗೆಯೇ ತನ್ನ ಕಕ್ಷಿದಾರನಿಗೆ ಒಗ್ಗದ ಸಂಗತಿಯನ್ನೂ ಇಲ್ಲೇ ಹೇಳಬೇಕು. ಶಂಕರಪ್ಪ ಮೂಲ ಅಂಕಪಟ್ಟಿ ಕೇಳಲಿಲ್ಲ. ಸಾಲ ಕೊಡುವುದೇ ಕಸುಬಾದವರು ಅಷ್ಟು ಎಚ್ಚರ ವಹಿಸಬೇಕಿತ್ತು ಎಂದು ಪೀಠ ಹೇಳಿದರೆ ಉತ್ತರ ಸಿದ್ಧವಿರಬೇಕು. ಎಚ್ಚರ ತಪ್ಪುವುದು ಒಂದು, ಗೊತ್ತಿದ್ದೂ ಕೊಡುವುದು ಇನ್ನೊಂದು ಎಂಬುದು ನಾನು ಬರೆಯುವ ಉತ್ತರ.

ತೀರ್ಮಾನ ಚಿಕ್ಕದಾಗಿರಬೇಕು, ನಿಯಮಕ್ಕಿಂತ ದೊಡ್ಡದಾಗಿರಬಾರದು. ಮೆಮೋರಿಯಲ್‌ನ ‘ಬಡ್ಡಿಸಮೇತ’ ಎಂಬ ಪದ ನೋಡಿ. ಶೇ. 18ರ ಬಡ್ಡಿ ಬರುವುದು ಕರಾರಿನಿಂದ. ಕರಾರು ಶೂನ್ಯ ಎಂದು ಒಪ್ಪಿಕೊಂಡ ಮೇಲಷ್ಟೇ ಕಲಂ 33 ಕೆಲಸ ಮಾಡುತ್ತದೆ. ಶೂನ್ಯವಾದ ಕರಾರಿನ ಬಡ್ಡಿಯನ್ನು ಅದೇ ಉಸಿರಿನಲ್ಲಿ ಕೇಳಿದರೆ ಅಲಹಾಬಾದಿನ ಆಕ್ಷೇಪವೇ ನಿಜವೆಂದು ತಾನಾಗಿ ಒಪ್ಪಿಕೊಟ್ಟಂತೆ. ತೀರ್ಮಾನದ ಪ್ಯಾರಾದಲ್ಲಿ ಹೊಸ ತೀರ್ಪಿನ ಹೆಸರು ಕಾಣಿಸಿಕೊಂಡರೆ ಅದೂ ದೋಷವೇ. ಅದರ ಜಾಗ ನಿಯಮದಲ್ಲಿ.

ಇಷ್ಟೆಲ್ಲ ಆದ ಮೇಲೆ ಆ ಮೂರನೆಯ ವಾದ ಹೀಗೆ ರೂಪ ತಳೆಯುತ್ತದೆ.

ವಿವಾದಾಂಶ: ತಿದ್ದಿದ ದಾಖಲೆ ತೋರಿಸಿ 2,00,000 ರೂಪಾಯಿ ಸಾಲ ಪಡೆದ ಅಪ್ರಾಪ್ತ ವಯಸ್ಕ, ಕರಾರು ಶೂನ್ಯವೆಂಬ ಕಾರಣದಿಂದ ಸಾಲದ ದಾವೆಯಿಂದ ಪಾರಾದಾಗ, ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ ಕಲಂ 33(2)(ಬಿ) ಅಡಿಯಲ್ಲಿ ಅವನು ಹಣ ಮರಳಿಸುವಂತೆ ನ್ಯಾಯಾಲಯ ಹೇಳಬಹುದೇ? ಹೇಳಬಹುದಾದರೆ, ಉಪಕರಣಕ್ಕೆ ಹಾಕಿದ, ಪ್ರವಾಸಕ್ಕೆ ಖರ್ಚಾದ, ಬ್ಯಾಂಕಿನಲ್ಲಿ ಉಳಿದ ಮೊತ್ತಗಳಲ್ಲಿ ಯಾವುದನ್ನು?

ನಿಯಮ: ಅಪ್ರಾಪ್ತತೆಯ ಕಾರಣದಿಂದ ದಾವೆಯನ್ನು ಯಶಸ್ವಿಯಾಗಿ ಎದುರಿಸಿದ ಪ್ರತಿವಾದಿ, ತನಗೆ ಅಥವಾ ತನ್ನ ಆಸ್ತಿಗೆ ಆದ ಲಾಭದ ಮಟ್ಟಿಗೆ ಮರಳಿಸುವಂತೆ ನ್ಯಾಯಾಲಯ ವಿವೇಚನೆಯಿಂದ ಹೇಳಬಹುದು. ಈ ಕಾಯ್ದೆಗೆ ಮುಂಚೆ ಲಾಹೋರ್ (1928) ಮತ್ತು ಅಲಹಾಬಾದ್ (1937) ಪೂರ್ಣ ಪೀಠಗಳು ಬೇರೆ ಬೇರೆ ಉತ್ತರ ಕೊಟ್ಟಿದ್ದವು. 1963ರ ಕಲಂ ಮರಳಿಸುವಂತೆ ಹೇಳುವ ಅಧಿಕಾರವನ್ನು ಕೊಟ್ಟಿದೆ. ಸಾಲ ಕೊಟ್ಟವನಿಗೆ ವಯಸ್ಸು ಗೊತ್ತಿದ್ದರೆ ವಿವೇಚನೆ ಅವನ ಪರ ಬಳಕೆಯಾಗದಿರಬಹುದು ಎಂಬುದಕ್ಕೆ 1877ರ ಕಾಯ್ದೆಯಡಿ ಬಂದ ಮೊಹೋರಿ ಬೀಬಿ (1903) ನಿದರ್ಶನ.

ಅನ್ವಯ: ಮಂಜುನಾಥ ದಾವೆಯಿಂದ ಪಾರಾದದ್ದು ಅಪ್ರಾಪ್ತತೆಯಿಂದಲೇ. ಬ್ಯಾಂಕಿನ 30,000 ಮತ್ತು 80,000 ಬೆಲೆಯ ಉಪಕರಣ ಈಗಲೂ ಅವನ ಆಸ್ತಿಯಲ್ಲಿರುವುದರಿಂದ ಅವು ಲಾಭ. ಉಪಕರಣದ ಕೊಂಡ ಬೆಲೆಗೂ ಇಂದಿನ ಬೆಲೆಗೂ ನಡುವಿನ 40,000 ಅವನು ಬಳಸಿ ಸವೆಸಿದ್ದು. ಬಳಕೆಯಿಂದ ಅಂಗಡಿ ನಡೆದಿರುವುದರಿಂದ ಅದನ್ನೂ ಲಾಭವೆನ್ನಲು ಆಧಾರವಿದೆ. ಪ್ರವಾಸದ 50,000 ಆಸ್ತಿಯಲ್ಲಿ ಉಳಿದಿಲ್ಲ. ಕಲಮಿನ ‘ಅವನಿಗೆ’ ಎಂಬ ಪದದ ಮೇಲಷ್ಟೇ ಅದನ್ನು ಕೇಳಬಹುದು, ಈ ಕೇಳಿಕೆ ದುರ್ಬಲ. ಶಂಕರಪ್ಪನವರು ಮೂಲ ದಾಖಲೆ ನೋಡದಿದ್ದುದು ಅಜಾಗರೂಕತೆ. ಆದರೆ ಮೊಹೋರಿ ಬೀಬಿಯಲ್ಲಿದ್ದಂತೆ ವಯಸ್ಸು ತಿಳಿದೂ ಕೊಟ್ಟದ್ದಲ್ಲ. ಆದ್ದರಿಂದ ವಿವೇಚನೆ ಅವರ ಕಡೆ ವಾಲಲು ಅಡ್ಡಿಯಿಲ್ಲ.

ತೀರ್ಮಾನ: ಮರಳಿಸುವಂತೆ ಹೇಳಬಹುದು. 1,10,000 ರೂಪಾಯಿ ಗಟ್ಟಿಯಾಗಿ ಸಿಗುವಂಥದ್ದು, 1,50,000ದವರೆಗೆ ವಾದಿಸಬಹುದು, ಪೂರ್ತಿ 2,00,000 ಸಿಗುವುದು ಕಷ್ಟ, ಕರಾರಿನ ಶೇ. 18 ಬಡ್ಡಿ ಸಿಗುವುದಿಲ್ಲ.

ಮೆಮೋರಿಯಲ್‌ನ ಗುಡುಗು ಇದರಲ್ಲಿಲ್ಲ. ಆದರೆ ಪೀಠದಿಂದ ಬರುವ ಪ್ರಶ್ನೆಗಳಿಗೆಲ್ಲ ಇದರೊಳಗೆ ಉತ್ತರವಿದೆ. ಗಾತ್ರದಲ್ಲಿ ಅನ್ವಯವೇ ದೊಡ್ಡದಾಗಿರುವುದನ್ನೂ ಗಮನಿಸಿ. ನಿಯಮದ ಪ್ಯಾರಾ ಒಂದು ಪುಟ, ಅನ್ವಯ ಎರಡು ಸಾಲು ಎಂದಾಗಿದ್ದರೆ ತೀರ್ಪುಗಳನ್ನು ಸಂಗ್ರಹಿಸಿದ್ದಾರೆಯೇ ಹೊರತು ಬಳಸಿಲ್ಲ ಎಂದು ನೋಡಿದ ತಕ್ಷಣ ಹೇಳಿಬಿಡಬಹುದು.

ಎಸ್ಟಾಪೆಲ್ ವಾದವನ್ನು ಹೀಗೆ ಬಿಡಿಸುವಾಗ ಇನ್ನೊಂದು ಬಗೆಯ ತೊಡಕು ಎದುರಾಗುತ್ತದೆ. ಅಪ್ರಾಪ್ತ ವಯಸ್ಕನ ವಿರುದ್ಧ ಎಸ್ಟಾಪೆಲ್ ಇಲ್ಲ ಎಂಬುದಕ್ಕೆ ಮೊಹೋರಿ ಬೀಬಿಯನ್ನು ಆಧಾರವಾಗಿ ಕೊಡುವ ರೂಢಿಯಿದೆ. ಪ್ರಿವಿ ಕೌನ್ಸಿಲ್ ಹೇಳಿದ್ದು ಅಷ್ಟಲ್ಲ. ಎರಡೂ ಕಡೆಯವರಿಗೆ ನಿಜ ಗೊತ್ತಿರುವಾಗ ಎಸ್ಟಾಪೆಲ್ ಹುಟ್ಟುವುದಿಲ್ಲ ಎಂದು ಮಾತ್ರ ಹೇಳಿತ್ತು. ಸುಳ್ಳನ್ನು ನಂಬಿ ಮೋಸಹೋದ ಪ್ರಕರಣದಲ್ಲೂ ಎಸ್ಟಾಪೆಲ್ ಇಲ್ಲ ಎನ್ನಲು ಖಾನ್ ಗುಲ್ ತೀರ್ಪನ್ನೇ ಹಿಡಿಯಬೇಕು. ಹಣ ಮರಳಿಸು ಎಂದ ಅದೇ ಪೂರ್ಣ ಪೀಠ ಎಸ್ಟಾಪೆಲ್ ವಿಷಯದಲ್ಲಿ ಹುಡುಗನ ಪರ ನಿಂತಿತ್ತು. ಹೀಗಾಗಿ ಶಂಕರಪ್ಪನವರ ಪರ ಖಾನ್ ಗುಲ್ ಹಿಡಿದು ಹೊರಟವರು ಮೂರನೆಯ ವಿವಾದಾಂಶದಲ್ಲಿ ಗೆದ್ದು ಎರಡನೆಯದರಲ್ಲಿ ಸೋಲುತ್ತಾರೆ. ಒಂದೇ ತೀರ್ಪು ಎರಡು ವಿವಾದಾಂಶಗಳಲ್ಲಿ ಎರಡು ಕಡೆ ಕೆಲಸ ಮಾಡುವುದು ಮೆಮೋರಿಯಲ್‌ನ ಆಧಾರಗಳ ಪಟ್ಟಿ ನೋಡಿದರೆ ತಿಳಿಯುವುದಿಲ್ಲ. ಜೊತೆಗೆ ಎಸ್ಟಾಪೆಲ್ ಈಗ ಸಾಕ್ಷ್ಯ ಕಾಯ್ದೆಯ ಕಲಂ 115ರಲ್ಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 121ರಲ್ಲಿದೆ. ಹಳೆಯ ಮೆಮೋರಿಯಲ್ ನೋಡಿ ಬರೆಯುವವರು ಇಲ್ಲಿ ಎಡವುತ್ತಾರೆ.

ಈ ನಾಲ್ಕು ಪ್ಯಾರಾಗಳ ಕ್ರಮಕ್ಕೂ ಮಿತಿಯಿದೆ. ಸಂಗತಿಯೇ ವಿವಾದದಲ್ಲಿದ್ದಾಗ, ಅಂದರೆ ಅಂಕಪಟ್ಟಿ ತಿದ್ದಿದವನು ಮಂಜುನಾಥನೋ ದಲ್ಲಾಳಿಯೋ ಎಂದು ಸಾಕ್ಷ್ಯ ತೂಗಬೇಕಾದಾಗ, ಇದು ಹೆಚ್ಚು ಸಹಾಯ ಮಾಡುವುದಿಲ್ಲ. ಅಣಕು ನ್ಯಾಯಾಲಯದಲ್ಲಿ ಸಂಗತಿಗಳು ಕೊಟ್ಟದ್ದೇ ಆಗಿರುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ಒಂದು ವಿವಾದಾಂಶದಲ್ಲಿ ನಾಲ್ಕೈದು ಷರತ್ತುಗಳಿದ್ದರೆ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ತುರುಕಬಾರದು. ತಕರಾರಿರುವ ಷರತ್ತಿಗೆ ಮಾತ್ರ ಪೂರ್ತಿ ಸುತ್ತು ಕೊಟ್ಟು, ಇಲ್ಲದವನ್ನು ಒಂದೊಂದು ವಾಕ್ಯದಲ್ಲಿ ಮುಗಿಸಬೇಕು. ಇಲ್ಲಿ ಮಂಜುನಾಥನ ವಯಸ್ಸಿಗೆ ಒಂದು ವಾಕ್ಯ ಸಾಕಾಯಿತು, ಲಾಭದ ಅಳತೆಗೆ ಒಂದು ಪ್ಯಾರಾ ಬೇಕಾಯಿತು. ಮತ್ತು ಈ ಬರಹವನ್ನು ಹಾಗೇ ಮೆಮೋರಿಯಲ್ ಎಂದು ಸಲ್ಲಿಸುವಂತಿಲ್ಲ. ನಮ್ಮ ಕೇಳಿಕೆ ದುರ್ಬಲ ಎಂದು ವಕೀಲ ತಾನೇ ಬರೆದುಕೊಡಲಾರ. ಸಲ್ಲಿಸುವ ಪ್ರತಿಯಲ್ಲಿ ತೀರ್ಮಾನವನ್ನು ಮತ್ತೆ ಮೇಲಕ್ಕೆ ಏರಿಸಿ, 1,50,000ವನ್ನು ಮುಖ್ಯ ಪ್ರಾರ್ಥನೆಯಾಗಿಯೂ 1,10,000ವನ್ನು ಪರ್ಯಾಯ ಪ್ರಾರ್ಥನೆಯಾಗಿಯೂ ಇಡಬೇಕು, ಬಡ್ಡಿಯನ್ನು ಕೈಬಿಡಬೇಕು. ಗೋವಾದ 50,000ವನ್ನು ಕೇಳುವುದೋ ಬಿಡುವುದೋ ಎಂಬುದನ್ನು ತಂಡ ಕೂತು ನಿರ್ಧರಿಸಬೇಕು. ನಾನಾದರೆ ಬಿಡುತ್ತೇನೆ, ಏಕೆಂದರೆ ಮೌಖಿಕ ವಾದಕ್ಕೆ ಸಿಗುವ ಕೆಲವೇ ನಿಮಿಷಗಳು ಅದರ ಸಮರ್ಥನೆಯಲ್ಲೇ ಕರಗಿಹೋಗುತ್ತವೆ.

ತಂಡದ ಪ್ರತಿ ಮುಗಿದ ಮೇಲೆ ಸಮಯವಿದ್ದರೆ ಇದೇ ಕೆಲಸವನ್ನು ಎದುರು ಪಕ್ಷದ ಮೆಮೋರಿಯಲ್ ಮೇಲೂ ಮಾಡಬೇಕು. ಮಂಜುನಾಥನ ಪರ ಬರೆದವರು ‘ಕರಾರು ಶೂನ್ಯ, ಏನೂ ಕೊಡಬೇಕಿಲ್ಲ’ ಎಂದಿದ್ದರೆ ಅದರ ನಿಯಮದ ಪ್ಯಾರಾದಲ್ಲಿ 1963ರ ಕಲಂ ಇರುವುದಿಲ್ಲ, ಅನ್ವಯದ ಜಾಗ ಖಾಲಿಯಿರುತ್ತದೆ. ಪ್ರತ್ಯುತ್ತರಕ್ಕೆ ಸಿಗುವ ಒಂದೆರಡು ನಿಮಿಷದಲ್ಲಿ ಕೇಳಬೇಕಾದದ್ದು ಆಗ ಒಂದೇ ಪ್ರಶ್ನೆ: ಬ್ಯಾಂಕಿನಲ್ಲಿರುವ 30,000 ಯಾರದು?